ಚಿನ್ನದ ‘ಲೈವ್’ ರೇಟು ನಿಜಕ್ಕೂ ಲೈವ್ ಆಗಿದೆಯೇ? ಮನೆಯಲ್ಲೇ ಪರೀಕ್ಷಿಸುವುದು ಹೀಗೆ

2025ರ ಅಕ್ಟೋಬರ್ 21. ದೀಪಾವಳಿಯ ಸಡಗರದ ನಡುವೆ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನದ ಬೆಲೆ ಒಂದೇ ದಿನದಲ್ಲಿ ಶೇ 5ಕ್ಕೂ ಹೆಚ್ಚು ಕುಸಿಯಿತು. ಮರುದಿನ ಬಲಿಪಾಡ್ಯಮಿ. ಹಬ್ಬಕ್ಕೆ ಒಡವೆ ಕೊಳ್ಳಬೇಕೆಂದಿದ್ದವರು ಆ ರಾತ್ರಿ ಮೊಬೈಲ್ ತೆಗೆದು ನೋಡಿದ್ದರೆ ತಲೆ ಕೆಡುವುದು ಗ್ಯಾರಂಟಿ. ಡಾಲರ್ ಬೆಲೆ ತೋರಿಸುವ ಆ್ಯಪ್‌ನಲ್ಲಿ ರೇಟು ಪಾತಾಳಕ್ಕೆ ಇಳಿದಿರುತ್ತಿತ್ತು. ನಮ್ಮ ಮುಂಬೈನ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್‌ನ ಬೆಲೆ ತೋರಿಸುವ ಆ್ಯಪ್‌ನಲ್ಲಿ ಅಂಕಿ ಅಲುಗಾಡುತ್ತಲೇ ಇರುತ್ತಿರಲಿಲ್ಲ. ಏಕೆಂದರೆ ಆ ದಿನ ಅಲ್ಲಿ ಮಧ್ಯಾಹ್ನ ಒಂದು ಗಂಟೆ ಕಾಲ ಹಬ್ಬದ ಮುಹೂರ್ತ ವಹಿವಾಟು ಮಾತ್ರ ನಡೆದಿತ್ತು. ಮುಂದಿನ ವಹಿವಾಟು ಮರುದಿನ ಸಂಜೆ 5ಕ್ಕೆ. ಇನ್ನು ‘ಬೆಂಗಳೂರಿನಲ್ಲಿ ಇಂದಿನ ಚಿನ್ನದ ದರ’ ಎಂದು ಬರೆಯುವ ಜಾಲತಾಣಗಳಲ್ಲಿ ಇರುವುದು ಅಂಗಡಿಗಳು ಆ ದಿನ ಹೇಳಿದ ರೇಟು.

ಮೂರು ಪರದೆ, ಮೂರು ಬೆಲೆ. ಮೂರರ ಮೇಲೂ ‘ಲೈವ್’ ಎಂಬ ಪಟ್ಟಿ ಇರಬಹುದು. ಅಷ್ಟಾದರೂ ಮೂರರಲ್ಲಿ ಒಂದೂ ಸುಳ್ಳಲ್ಲ.

ಆದ್ದರಿಂದ ‘ಈ ಆ್ಯಪ್ ತಪ್ಪು ತೋರಿಸುತ್ತಿದೆ’ ಎನ್ನುವ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಎರಡು ಪರದೆಗಳ ಅಂಕಿ ಬೇರೆ ಇರಲು ಮೂರು ಕಾರಣಗಳು ಇರಬಹುದು. ಒಂದು, ಅವು ಬೇರೆ ಬೇರೆ ಬೆಲೆಗಳನ್ನು ತೋರಿಸುತ್ತಿವೆ. ಎರಡು, ಬೆಲೆ ಒಂದೇ, ಆದರೆ ಒಂದು ಕಡೆ ತಡವಾಗಿ ಬರುತ್ತಿದೆ. ಮೂರು, ಒಂದು ಕಡೆ ಸುಮ್ನೆ ಅಂಕಿ ಕುಣಿಸುತ್ತಿದ್ದಾರೆ. ಯಾವುದು ಯಾವುದೆಂದು ಮನೆಯಲ್ಲೇ ಕಂಡುಹಿಡಿಯಬಹುದು.

ನಿಮ್ಮ ಪರದೆಯಲ್ಲಿರುವುದು ಯಾವ ಬೆಲೆ?

ನಮಗೆ ಎದುರಾಗುವ ಚಿನ್ನದ ಬೆಲೆಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಅಂತಾರಾಷ್ಟ್ರೀಯ ಸ್ಪಾಟ್ ಬೆಲೆ, ಅಂದರೆ ಈಗಲೇ ಕೊಟ್ಟು ಪಡೆಯುವ ಚಿನ್ನದ ಬೆಲೆ. ಪರದೆಯಲ್ಲಿ XAU/USD ಎಂದು ಕಾಣುವುದು ಇದೇ. ಇದು ಡಾಲರ್‌ನಲ್ಲಿ, ಒಂದು ಟ್ರಾಯ್ ಔನ್ಸ್‌ಗೆ, ಅಂದರೆ 31.1035 ಗ್ರಾಂಗೆ ಹೇಳುವ ಬೆಲೆ. ನಮ್ಮ ಸಮಯದಲ್ಲಿ ಸೋಮವಾರ ನಸುಕಿನಿಂದ ಶನಿವಾರ ನಸುಕಿನವರೆಗೆ, ದಿನಕ್ಕೆ ಸುಮಾರು ಒಂದು ಗಂಟೆಯ ಬಿಡುವು ಬಿಟ್ಟರೆ, ಇದು ಓಡುತ್ತಲೇ ಇರುತ್ತದೆ.

ಎರಡನೆಯದು ಎಂಸಿಎಕ್ಸ್ ಬೆಲೆ. ಇದು ಅಲ್ಲಿ ನಡೆಯುವ ವಾಯಿದೆ ವ್ಯಾಪಾರದ ಬೆಲೆ, ಅಂದರೆ ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಗೊತ್ತುಮಾಡಿಕೊಳ್ಳುವ ಬೆಲೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರಿಂದ ರಾತ್ರಿ 11.30ರವರೆಗೆ, ಚಳಿಗಾಲದಲ್ಲಿ 11.55ರವರೆಗೆ ನಡೆಯುತ್ತದೆ. ಬೆಲೆ 10 ಗ್ರಾಂ ಲೆಕ್ಕದಲ್ಲಿ. ಆಮದು ಸುಂಕದ ಹೊರೆ ಈ ಬೆಲೆಯೊಳಗೇ ಸೇರಿಕೊಂಡಿರುತ್ತದೆ, ಜಿಎಸ್‌ಟಿ ಸೇರಿರುವುದಿಲ್ಲ.

ಮೂರನೆಯದು ಚಿನ್ನದ ವರ್ತಕರ ಸಂಘವಾದ ಐಬಿಜೆಎ ಪ್ರಕಟಿಸುವ ದರ. ಸರ್ಕಾರದ ಚಿನ್ನದ ಬಾಂಡ್‌ಗಳಿಗೆ ರಿಸರ್ವ್ ಬ್ಯಾಂಕ್ ಬೆಲೆ ಕಟ್ಟುತ್ತಿದ್ದುದು ಈ ದರದ ಸರಾಸರಿಯಿಂದಲೇ. ಇದು ದಿನಕ್ಕೆ ಎರಡೇ ಸಲ ಬರುತ್ತದೆ, ಶನಿವಾರ, ಭಾನುವಾರ ಬರುವುದಿಲ್ಲ. ಹಾಗಾಗಿ ಐಬಿಜೆಎ ದರವನ್ನು ‘ಪ್ರತಿ ಸೆಕೆಂಡಿನ ಲೈವ್’ ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಬಹುದು.

ನಾಲ್ಕನೆಯದು ಅಂಗಡಿಯ ಬೋರ್ಡ್ ರೇಟು. ಬೆಳಿಗ್ಗೆ ಒಮ್ಮೆ ಹಾಕುತ್ತಾರೆ. ಬೆಲೆ ಜಾಸ್ತಿ ಏರಿಳಿದ ದಿನ ಮಧ್ಯಾಹ್ನ, ಸಂಜೆ ಬದಲಿಸುತ್ತಾರೆ. 22 ಕ್ಯಾರೆಟ್, ಒಂದು ಗ್ರಾಂ ಎನ್ನುವುದು ಇಲ್ಲಿನ ಮಾತು. ಇದು ಲೈವ್ ಆಗಬೇಕಾದ ಬೆಲೆಯೇ ಅಲ್ಲ. ಭಾನುವಾರ ‘ಇಂದಿನ ದರ’ ಶನಿವಾರದಷ್ಟೇ ಇದ್ದರೆ ಅದು ಆ್ಯಪ್‌ನ ದೋಷವಲ್ಲ.

ಒಳ್ಳೆಯ ಆ್ಯಪ್ ಈ ನಾಲ್ಕರಲ್ಲಿ ಯಾವುದನ್ನು ತೋರಿಸುತ್ತಿದೆ, ಎಷ್ಟು ಕ್ಯಾರೆಟ್, ಎಷ್ಟು ಗ್ರಾಂ, ಸುಂಕ ಮತ್ತು ಜಿಎಸ್‌ಟಿ ಸೇರಿದೆಯೇ ಎಂದು ಬರೆದಿರುತ್ತದೆ. ಬರೆಯದಿದ್ದರೆ ಲೆಕ್ಕ ಹಾಕಿ ಹಿಡಿಯಬೇಕು.

ಡಾಲರ್‌ನಿಂದ ರೂಪಾಯಿಗೆ: ಒಮ್ಮೆ ಕೈಯಾರೆ ಲೆಕ್ಕ

ಭಾರತ ತನಗೆ ಬೇಕಾದ ಚಿನ್ನದ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. ಹಾಗಾಗಿ ನಮ್ಮ ಬೆಲೆ ಎಂದರೆ ಡಾಲರ್ ಬೆಲೆ, ರೂಪಾಯಿ ವಿನಿಮಯ ದರ ಮತ್ತು ಆಮದು ಸುಂಕ, ಈ ಮೂರರ ಗುಣಾಕಾರ. ಎಷ್ಟೋ ಜಾಲತಾಣಗಳು ಎಂಸಿಎಕ್ಸ್ ಬೆಲೆಯನ್ನು ಹಣ ಕೊಟ್ಟು ಪಡೆಯುವ ಬದಲು ಇದೇ ಗುಣಾಕಾರ ಮಾಡಿ ರೂಪಾಯಿ ಬೆಲೆ ತೋರಿಸುತ್ತವೆ. ತಪ್ಪೇನಿಲ್ಲ, ಸೂತ್ರ ಸರಿಯಿದ್ದರೆ.

ಲೆಕ್ಕ ಸುಲಭವಾಗಲೆಂದು ಔನ್ಸ್‌ಗೆ 3,000 ಡಾಲರ್, ಡಾಲರ್‌ಗೆ 86 ರೂಪಾಯಿ ಎಂದು ಇಟ್ಟುಕೊಳ್ಳೋಣ. ಸುಂಕ ಶೇ 6 ಇರಲಿ. 2024ರ ಜುಲೈ ಬಜೆಟ್‌ನಲ್ಲಿ ಶೇ 15ರಿಂದ ಇಷ್ಟಕ್ಕೆ ಇಳಿಸಿದ್ದರು. ನೀವು ಲೆಕ್ಕ ಹಾಕುವ ದಿನ ಬೆಲೆ, ವಿನಿಮಯ ದರ, ಸುಂಕ ಎಷ್ಟಿವೆಯೋ ಅವನ್ನೇ ಹಾಕಿಕೊಳ್ಳಿ.

```
3000 ÷ 31.1035 × 86  = 8,295   (24 ಕ್ಯಾರೆಟ್, 1 ಗ್ರಾಂ, ಸುಂಕವಿಲ್ಲದೆ)
8,295 × 1.06         = 8,793   (ಸುಂಕ ಸೇರಿ)
8,793 × 1.03         = 9,057   (ಜಿಎಸ್‌ಟಿಯೂ ಸೇರಿ)
8,793 × 22 ÷ 24      = 8,060   (22 ಕ್ಯಾರೆಟ್, ಜಿಎಸ್‌ಟಿ ಇಲ್ಲದೆ)
8,060 × 1.03         = 8,302   (22 ಕ್ಯಾರೆಟ್, ಜಿಎಸ್‌ಟಿ ಸೇರಿ)
```

ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಒಟ್ಟಿಗೆ ನೋಡಿ. 8,295 ಮತ್ತು 8,302. ಸುಂಕವನ್ನೇ ಸೇರಿಸದ 24 ಕ್ಯಾರೆಟ್ ಬೆಲೆಯೂ ಎಲ್ಲ ಸೇರಿಸಿದ 22 ಕ್ಯಾರೆಟ್ ಬೆಲೆಯೂ ಹತ್ತಿರ ಹತ್ತಿರ ಒಂದೇ! ಶೇ 6ರ ಸುಂಕದಲ್ಲಿ ಇದು ಯಾವ ಬೆಲೆಗೂ ಹೀಗೇ ಆಗುತ್ತದೆ. ಹಾಗಾಗಿ ‘ಈ ಆ್ಯಪ್‌ನ ರೇಟು ಅಂಗಡಿ ಬಿಲ್‌ಗೆ ಸರಿಯಾಗಿ ಹೊಂದುತ್ತದೆ’ ಎಂದು ನಂಬಿದವರು ಬೇರೆಯೇ ಚಿನ್ನದ ಬೆಲೆಯನ್ನು ನೋಡುತ್ತಿರಬಹುದು. ಅಂಕಿ ಹೊಂದಿದ ಮಾತ್ರಕ್ಕೆ ಆ್ಯಪ್ ಸರಿ ಎಂದಲ್ಲ.

ಯಾವುದು ಎಂದು ತಿಳಿಯಲು ಭಾಗಾಕಾರ ಸಾಕು. ಆ್ಯಪ್‌ನ 24 ಕ್ಯಾರೆಟ್ ಬೆಲೆಯನ್ನು ಅದೇ ಹೊತ್ತಿನ ಎಂಸಿಎಕ್ಸ್ ಬೆಲೆಯಿಂದ ಭಾಗಿಸಿ. ಎರಡೂ 10 ಗ್ರಾಂ ಲೆಕ್ಕಕ್ಕೆ ಬಂದಿರಲಿ. ಸುಂಕ ಶೇ 6 ಎಂದೇ ಇಟ್ಟುಕೊಂಡರೆ, ಉತ್ತರ 1ರ ಅಕ್ಕಪಕ್ಕ ಇದ್ದರೆ ಸರಿ. 0.94 ಬಂದರೆ ಸುಂಕ ಬಿಟ್ಟಿದ್ದಾರೆ. 1.03 ಬಂದರೆ ಜಿಎಸ್‌ಟಿ ಸೇರಿಸಿದ್ದಾರೆ. 0.917 ಬಂದರೆ 22 ಕ್ಯಾರೆಟ್ ಬೆಲೆಗೆ 24ರ ಹೆಸರು ಹಾಕಿದ್ದಾರೆ.

1.085ರ ಹತ್ತಿರ ಬಂದರೆ? ಅದು ಹಳೆಯ ಸುಂಕದ ಗುರುತು. 2024ರ ಜುಲೈ 23ರಂದು ಸುಂಕ ಇಳಿಸುವ ಘೋಷಣೆ ಆದ ದಿನ ಎಂಸಿಎಕ್ಸ್‌ನಲ್ಲಿ 10 ಗ್ರಾಂಗೆ ಸುಮಾರು 4,000 ರೂಪಾಯಿ ಇಳಿಯಿತು. ಡಾಲರ್ ಬೆಲೆಯಲ್ಲಿ ಅಂಥ ಕುಸಿತವೇನೂ ಇರಲಿಲ್ಲ. ಸೂತ್ರದಲ್ಲಿ ಶೇ 15 ಎಂದು ಬರೆದಿಟ್ಟು ಮರೆತ ಜಾಲತಾಣಕ್ಕೆ ಈ ಕುಸಿತ ಕಾಣುವುದೇ ಇಲ್ಲ. ಅದರ ಅಂಕಿಗಳು ಪ್ರತಿ ಸೆಕೆಂಡಿಗೂ ಚುರುಕಾಗಿ ಬದಲಾಗುತ್ತಿರುತ್ತವೆ, ಒಂದು ಕ್ಷಣವೂ ತಡವಿಲ್ಲ. ಆದರೂ ಪೂರ್ತಿ ತಪ್ಪು. ಸುಂಕ ಬದಲಾದ ದಿನ ಇಂಥ ಜಾಲತಾಣಗಳನ್ನು ಹಿಡಿಯಲು ಒಳ್ಳೆಯ ಅವಕಾಶ.

ಈ ಲೆಕ್ಕ ಪೈಸೆ ಪೈಸೆಗೂ ಹೊಂದುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ. ಸುಂಕವನ್ನು ಆ ಕ್ಷಣದ ಮಾರುಕಟ್ಟೆ ಬೆಲೆಯ ಮೇಲೆ ಹಾಕುವುದಿಲ್ಲ. ಸರ್ಕಾರ ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಗೊತ್ತುಮಾಡುವ ಸುಂಕ ಮೌಲ್ಯದ ಮೇಲೆ ಹಾಕುತ್ತಾರೆ. ಬೇಡಿಕೆ ಕಡಿಮೆ ಇದ್ದಾಗ ವರ್ತಕರು ರಿಯಾಯಿತಿ ಕೊಡುತ್ತಾರೆ, ಹಬ್ಬದ ಹೊತ್ತಿಗೆ ಮೇಲೆ ಸೇರಿಸುತ್ತಾರೆ. ಜೊತೆಗೆ ಎಂಸಿಎಕ್ಸ್ ಬೆಲೆ ಮುಂದಿನ ತಿಂಗಳ ವಾಯಿದೆಯದು. ಶೇ 1ರ ಆಸುಪಾಸಿನ ವ್ಯತ್ಯಾಸವನ್ನು ನಾನಾದರೆ ಲೆಕ್ಕಕ್ಕೇ ಹಿಡಿಯುವುದಿಲ್ಲ.

ತಡ ಇದೆಯೇ? ಅಂತರದ ಮೇಲೆ ಕಣ್ಣಿಡಿ

ಇನ್ನು ತಡದ ವಿಷಯ. ವಿನಿಮಯ ಕೇಂದ್ರಗಳು ಕ್ಷಣಕ್ಷಣದ ಬೆಲೆಯನ್ನು ಮಾರಾಟ ಮಾಡುತ್ತವೆ, ಅದಕ್ಕೆ ಶುಲ್ಕವಿದೆ. ಉಚಿತವಾಗಿ ಸಿಗುವುದು ಹೆಚ್ಚಾಗಿ 10 ಅಥವಾ 15 ನಿಮಿಷ ಹಳೆಯದು. ದೊಡ್ಡ ಹಣಕಾಸು ಜಾಲತಾಣಗಳು ಇದನ್ನು ಮುಚ್ಚಿಡುವುದಿಲ್ಲ. ಬೆಲೆಯ ಹತ್ತಿರ ಸಣ್ಣ ಅಕ್ಷರದಲ್ಲಿ Delayed ಎಂದು ಬರೆದಿರುತ್ತವೆ. ಸಣ್ಣ ಆ್ಯಪ್‌ಗಳ ತೊಂದರೆಯೇ ಬೇರೆ. ಅವು ಬೆಲೆ ತರಿಸುವ ಸೇವೆಯ ಉಚಿತ ಯೋಜನೆಯಲ್ಲಿ ಗಂಟೆಗೊಮ್ಮೆ ಅಥವಾ ದಿನಕ್ಕೊಮ್ಮೆ ಮಾತ್ರ ಹೊಸ ಬೆಲೆ ಸಿಗುತ್ತದೆ. ಅದನ್ನು ಬರೆಯುವವರು ಕಡಿಮೆ.

ರೈಲು ಎಲ್ಲಿದೆ ಎಂದು ಮೊಬೈಲ್‌ನಲ್ಲಿ ನೋಡುತ್ತೀರಿ ಅಲ್ವಾ? ರೈಲು ತುಮಕೂರಿನಲ್ಲಿ ನಿಂತಿರುವಾಗ ಹತ್ತು ನಿಮಿಷ ಹಳೆಯ ಮಾಹಿತಿಯೂ ಸರಿಯಾಗಿಯೇ ಕಾಣುತ್ತದೆ. ತಡ ಗೊತ್ತಾಗುವುದು ರೈಲು ಓಡುವಾಗ. ಚಿನ್ನವೂ ಹಾಗೇ. ಬೆಲೆ ಅಲುಗಾಡದ ಮಧ್ಯಾಹ್ನದಲ್ಲಿ ಎಲ್ಲ ಆ್ಯಪ್‌ಗಳೂ ಒಂದೇ ತರಹ ಕಾಣುತ್ತವೆ. ಪರೀಕ್ಷೆಗೆ ಬೆಲೆ ಜಿಗಿಯುವ ಹೊತ್ತನ್ನೇ ಹಿಡಿಯಬೇಕು.

ಆ ಹೊತ್ತು ಮೊದಲೇ ಗೊತ್ತಿರುತ್ತದೆ. ಅಮೆರಿಕದ ಉದ್ಯೋಗ ವರದಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಬರುತ್ತದೆ. ಹಣದುಬ್ಬರದ ವರದಿಯೂ ತಿಂಗಳಿಗೊಮ್ಮೆ. ಎರಡೂ ನಮ್ಮ ಸಮಯ ಸಂಜೆ 6ಕ್ಕೆ, ಅಮೆರಿಕದ ಚಳಿಗಾಲದಲ್ಲಿ 7ಕ್ಕೆ. ಅಂಕಿಅಂಶ ನಿರೀಕ್ಷೆಗಿಂತ ಬೇರೆ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಚಿನ್ನ ಮೇಲಕ್ಕೋ ಕೆಳಕ್ಕೋ ಹಾರುತ್ತದೆ. ಆ ಹೊತ್ತಿಗೆ ಎಂಸಿಎಕ್ಸ್ ಜಾಲತಾಣದ ಮಾರ್ಕೆಟ್ ವಾಚ್ ಅಥವಾ ಬ್ರೋಕರ್ ಆ್ಯಪ್ ಒಂದು ಫೋನಿನಲ್ಲಿ, ಅನುಮಾನವಿರುವ ಆ್ಯಪ್ ಇನ್ನೊಂದರಲ್ಲಿ ತೆರೆದಿಟ್ಟುಕೊಳ್ಳಿ. ಪೆನ್ನು, ಹಾಳೆ ಇರಲಿ.

ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. 6.00ಕ್ಕೆ ಎಂಸಿಎಕ್ಸ್‌ನಲ್ಲಿ 87,900, ಆ್ಯಪ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. 6.02ಕ್ಕೆ ಎಂಸಿಎಕ್ಸ್ 88,400ಕ್ಕೆ ಹಾರುತ್ತದೆ. ಆ್ಯಪ್ ಇನ್ನೂ 87,900ರಲ್ಲೇ ಇದೆ. 6.08ಕ್ಕೆ ಎಂಸಿಎಕ್ಸ್ 88,150ಕ್ಕೆ ಇಳಿದಿದೆ, ಆ್ಯಪ್ ಅಲುಗಿಲ್ಲ. 6.12ಕ್ಕೆ ಆ್ಯಪ್‌ನಲ್ಲಿ 88,400 ಕಾಣಿಸಿಕೊಳ್ಳುತ್ತದೆ. ಎಂಸಿಎಕ್ಸ್ ಆ ಅಂಕಿಯನ್ನು ಮುಟ್ಟಿ ಆಗಲೇ ಹತ್ತು ನಿಮಿಷವಾಗಿದೆ. ಅಂದರೆ ತಡ ಹತ್ತು ನಿಮಿಷ. ಇಷ್ಟು ಸ್ಪಷ್ಟವಾಗಿ ಅಳೆಯಬಹುದು.

ಇಲ್ಲಿ ಗಮನಿಸಬೇಕಾದ್ದು ಅಂತರ ಹೇಗೆ ವರ್ತಿಸಿತು ಎನ್ನುವುದು. ಬೆಲೆ ಏರುವಾಗ ಆ್ಯಪ್ ಕೆಳಗಿತ್ತು. ಇಳಿದ ಮೇಲೆ ಆ್ಯಪ್ ಮೇಲಿತ್ತು. ಹೀಗೆ ಅಂತರ ಅತ್ತಿಂದಿತ್ತ ಮಗುಚಿದರೆ ಅದು ತಡ. ಏರಲಿ ಇಳಿಯಲಿ, ಅಂತರ ಸದಾ ಒಂದೇ ಕಡೆ, ಒಂದೇ ಶೇಕಡಾವಾರಿನಲ್ಲಿ ಇದ್ದರೆ ಅದು ತಡವಲ್ಲ. ಸುಂಕ, ಜಿಎಸ್‌ಟಿ, ಕ್ಯಾರೆಟ್ ಇವುಗಳಲ್ಲಿ ಯಾವುದೋ ಸೂತ್ರದ ವ್ಯತ್ಯಾಸ. ಈ ಎರಡನ್ನು ಬೇರೆ ಮಾಡಲು ಬಂದರೆ ಅರ್ಧ ಗೊಂದಲ ಮುಗಿಯಿತು. ಜನ ಬೈಯುವುದು ಹೆಚ್ಚಾಗಿ ಎರಡನೆಯದನ್ನು, ಆದರೆ ಎಂಸಿಎಕ್ಸ್‌ನಲ್ಲಿ ವ್ಯಾಪಾರ ಮಾಡುವವರ ಜೇಬಿಗೆ ಕತ್ತರಿ ಹಾಕುವುದು ಮೊದಲನೆಯದು.

ಅಂತರ ಒಂದೇ ಕಡೆ ಇದ್ದು, ಪ್ರಮಾಣ ಮಾತ್ರ ದಿನದಿಂದ ದಿನಕ್ಕೆ ನಿಧಾನವಾಗಿ ಬದಲಾಗುತ್ತಿದ್ದರೆ ರೂಪಾಯಿ ದರವನ್ನು ಅನುಮಾನಿಸಿ. ಚಿನ್ನದ ಡಾಲರ್ ಬೆಲೆ ತಾಜಾ ಇದ್ದು, ವಿನಿಮಯ ದರ ಮಾತ್ರ ಹಳೆಯದಾಗಿರುವುದು ಈ ಆ್ಯಪ್‌ಗಳಲ್ಲಿ ಸಾಮಾನ್ಯ ರೋಗ. ಮೇಲಿನ ಲೆಕ್ಕದಲ್ಲಿ ಡಾಲರ್ 86ರ ಬದಲು 86.50 ಆದರೆ ಗ್ರಾಂಗೆ 51 ರೂಪಾಯಿ ವ್ಯತ್ಯಾಸ ಬರುತ್ತದೆ. 40 ಗ್ರಾಂ ಸರಕ್ಕೆ ಎರಡು ಸಾವಿರ.

ಒಂದು ಎಚ್ಚರಿಕೆ. ಎಂಸಿಎಕ್ಸ್‌ನಲ್ಲಿ ಒಂದೇ ಹೊತ್ತಿಗೆ ಹಲವು ತಿಂಗಳ ವಾಯಿದೆಗಳು ನಡೆಯುತ್ತವೆ, ದೂರದ ತಿಂಗಳಿನದು ಸಾಮಾನ್ಯವಾಗಿ ಜಾಸ್ತಿ ಬೆಲೆ. ಎರಡು ಪರದೆಗಳೂ ಒಂದೇ ತಿಂಗಳ ವಾಯಿದೆ ತೋರಿಸುತ್ತಿವೆಯೇ ಎಂದು ಮೊದಲು ನೋಡಿಕೊಳ್ಳಿ.

ಅಂಕಿ ಸುಮ್ನೆ ಕುಣಿಯುತ್ತಿದೆಯೇ?

ಹಸಿರು, ಕೆಂಪು ಬಣ್ಣದಲ್ಲಿ ಮಿಣುಕುವ ಅಂಕಿ ನೋಡಿದರೆ ಲೈವ್ ಎಂದೇ ಅನಿಸುತ್ತದೆ. ಆದರೆ ಗಂಟೆಗೊಮ್ಮೆ ಬಂದ ಬೆಲೆಗೆ ಒಂದೆರಡು ರೂಪಾಯಿ ಕೂಡಿಸಿ, ಕಳೆದು ಪರದೆಯಲ್ಲಿ ಕುಣಿಸುವುದು ಪ್ರೋಗ್ರಾಂ ಬರೆಯುವವರಿಗೆ ಎರಡು ಸಾಲಿನ ಕೆಲಸ.

ಹಿಡಿಯುವುದೂ ಅಷ್ಟೇ ಸುಲಭ. ಆ್ಯಪ್ ತೆರೆದಿಟ್ಟು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಹೊಸ ಬೆಲೆ ಬರಲು ದಾರಿಯೇ ಇಲ್ಲ. ಒಂದೆರಡು ನಿಮಿಷವಾದರೂ ಅಂಕಿ ಬದಲಾಗುತ್ತಲೇ ಇದ್ದರೆ ಅದು ಫೋನಿನೊಳಗೇ ಹುಟ್ಟುತ್ತಿರುವ ಅಂಕಿ. ಅಂಥ ಆ್ಯಪನ್ನು ಮುಂದೆ ಪರೀಕ್ಷಿಸುವ ಅಗತ್ಯವಿಲ್ಲ. ಅಂಕಿ ನಿಂತು ‘ಸಂಪರ್ಕವಿಲ್ಲ’ ಎಂಬ ಸೂಚನೆ ಬಂದರೆ ಒಳ್ಳೆಯ ಲಕ್ಷಣ. ಅಂಕಿ ನಿಂತಿದೆ, ಆದರೆ ‘ಲೈವ್’ ಎಂಬ ಹಸಿರು ಚುಕ್ಕೆ ಮಿಣುಕುತ್ತಲೇ ಇದೆ ಎಂದರೆ ಆ ಚುಕ್ಕೆ ಬರೀ ಅಲಂಕಾರ.

ಎರಡನೆಯದು ಭಾನುವಾರದ ಪರೀಕ್ಷೆ. ಭಾನುವಾರ ಮಧ್ಯಾಹ್ನ ಎಂಸಿಎಕ್ಸ್ ಮುಚ್ಚಿರುತ್ತದೆ, ಅಂತಾರಾಷ್ಟ್ರೀಯ ಸ್ಪಾಟ್ ಮಾರುಕಟ್ಟೆಯೂ ಮುಚ್ಚಿರುತ್ತದೆ. ಆಗ ಬೆಲೆ ನಿಂತಿರಬೇಕು. ಓಡುತ್ತಿದ್ದರೆ ‘ಎಲ್ಲಿಂದ ಬಂತು?’ ಎಂದು ಕೇಳಬೇಕು. ಪೂರ್ತಿ ಸುಳ್ಳೇ ಆಗಿರಬೇಕೆಂದಿಲ್ಲ. ಚಿನ್ನಕ್ಕೆ ಕಟ್ಟಿದ ಕ್ರಿಪ್ಟೊ ಟೋಕನ್‌ಗಳು ವಾರದ ಏಳೂ ದಿನ ವಹಿವಾಟಾಗುತ್ತವೆ, ಕೆಲವರು ಆ ಬೆಲೆಯನ್ನು ತೋರಿಸುತ್ತಾರೆ. ಆದರೆ ಅದನ್ನು ‘ಬೆಂಗಳೂರು ಚಿನ್ನದ ದರ’ ಎಂದು ಕರೆದರೆ ಒಪ್ಪುವಂತಿಲ್ಲ.

ಭಾನುವಾರವೇ ಇನ್ನೊಂದನ್ನೂ ನೋಡಿ: ‘ಕೊನೆಯ ಅಪ್‌ಡೇಟ್’ ಎಂಬ ಸಮಯ. ಅಲ್ಲಿ ‘ಭಾನುವಾರ ಮಧ್ಯಾಹ್ನ 2.15’ ಎಂದು ತೋರಿಸಿ, ಪುಟವನ್ನು ಮತ್ತೆ ತೆರೆದಾಗ 2.16 ಆದರೆ ಅದು ಬೆಲೆಯ ಸಮಯವಲ್ಲ, ನಿಮ್ಮ ಗಡಿಯಾರದ ಸಮಯ. ಪುಟ ತೆರೆದ ಹೊತ್ತನ್ನೇ ಬೆಲೆ ಬಂದ ಹೊತ್ತು ಎಂದು ತೋರಿಸುವ ಜಾಲತಾಣಗಳು ಕಡಿಮೆಯೇನಲ್ಲ. ಪ್ರಾಮಾಣಿಕ ಜಾಲತಾಣ ಭಾನುವಾರವೂ ವಾರದ ಕೊನೆಯ ವಹಿವಾಟು ಮುಗಿದ ಸಮಯವನ್ನೇ ತೋರಿಸುತ್ತದೆ. ನೋಡುವವರಿಗೆ ಹಳೆಯದಾಗಿ ಕಾಣುತ್ತದೆ, ಆದರೆ ಸರಿ ಇರುವುದು ಅದೇ.

ಅಂಕಿ ನಿಂತ ಮಾತ್ರಕ್ಕೆ ಆ್ಯಪ್ ಕೆಟ್ಟಿದೆ ಎನ್ನುವಂತೆಯೂ ಇಲ್ಲ. 2025ರ ಅಕ್ಟೋಬರ್ 28ರ ಬೆಳಿಗ್ಗೆ ತಾಂತ್ರಿಕ ದೋಷದಿಂದ ಎಂಸಿಎಕ್ಸ್ ವಹಿವಾಟೇ ನಾಲ್ಕು ಗಂಟೆಗೂ ಹೆಚ್ಚು ತಡವಾಗಿ ಶುರುವಾಯಿತು. ಆ ಬೆಳಿಗ್ಗೆ ಹಿಂದಿನ ದಿನದ ಬೆಲೆಯಲ್ಲೇ ನಿಂತಿದ್ದ ಎಂಸಿಎಕ್ಸ್ ಆ್ಯಪ್ ಸರಿಯಾಗಿತ್ತು. ‘ಎಂಸಿಎಕ್ಸ್ ಲೈವ್’ ಎಂದು ಅಂಕಿ ಬದಲಿಸುತ್ತಿದ್ದದ್ದು ಯಾವುದಾದರೂ ಇದ್ದರೆ, ಅದು ಬೇರೆಲ್ಲಿಂದಲೋ ತಂದ ಅಂಕಿ.

ಇಷ್ಟೆಲ್ಲ ಯಾರಿಗೆ ಬೇಕು?

ಒಡವೆ ಕೊಳ್ಳುವವರಿಗೆ ಹತ್ತು ನಿಮಿಷದ ತಡದಿಂದ ಏನೂ ಆಗುವುದಿಲ್ಲ. ಅಂಗಡಿಯವರು ಬಿಲ್ ಮಾಡುವುದು ತಮ್ಮ ಬೋರ್ಡ್ ರೇಟಿಗೆ, ನಿಮ್ಮ ಫೋನಿನ ರೇಟಿಗಲ್ಲ. ಅವರಿಗೆ ಬೇಕಾದ್ದು ಸರಿಯಾದ ಸೂತ್ರ. 22 ಕ್ಯಾರೆಟ್, ಸುಂಕ ಸೇರಿ, ಜಿಎಸ್‌ಟಿ ಇಲ್ಲದ ಬೆಲೆ ಎಷ್ಟು ಎಂದು ಗೊತ್ತಿದ್ದರೆ ಬೋರ್ಡ್ ರೇಟು ಎಷ್ಟು ಮೇಲಿದೆ ಎಂದು ತಿಳಿಯುತ್ತದೆ. ಮೇಕಿಂಗ್ ಚಾರ್ಜ್, ವೇಸ್ಟೇಜ್ ಆಮೇಲಿನ ಚೌಕಾಸಿ. ಬೆಲೆ ಜೋರಾಗಿ ಏರಿಳಿದ ದಿನ ಮಾತ್ರ ಹೊರಡುವ ಮುಂಚೆ ಅಂಗಡಿಗೇ ಫೋನ್ ಮಾಡಿ ‘ಈಗಿನ ರೇಟು ಎಷ್ಟು, ಬೆಳಗಿನದೇನಾ, ಬದಲಾಯಿತಾ?’ ಎಂದು ಕೇಳಿ. ಹಳೆಯ ಚಿನ್ನ ಕೊಡುವವರು ಕೊಳ್ಳುವ ರೇಟನ್ನೂ ಬೇರೆಯಾಗಿ ಕೇಳಬೇಕು.

ಎಂಸಿಎಕ್ಸ್‌ನಲ್ಲಿ ವ್ಯಾಪಾರ ಮಾಡುವವರಿಗೆ ಮೇಲಿನ ಉದಾಹರಣೆಯ ಹತ್ತು ನಿಮಿಷ ದುಬಾರಿ. ಅವರು ಉಚಿತ ಆ್ಯಪ್ ನೋಡಿ ಆರ್ಡರ್ ಹಾಕುವುದೇ ತಪ್ಪು. ಬ್ರೋಕರ್ ಆ್ಯಪ್‌ಗೆ ಲಾಗಿನ್ ಆಗಿ ನೋಡಿದ ಬೆಲೆಯನ್ನೇ ನಂಬಬೇಕು.

ನಡುವೆ ಸಿಕ್ಕಿಕೊಳ್ಳುವವರು ಡಿಜಿಟಲ್ ಚಿನ್ನ ಕೊಳ್ಳುವವರು. ಅಲ್ಲಿ ‘ಲೈವ್ ಬೆಲೆ’ ಎಂದರೆ ಮಾರುಕಟ್ಟೆ ಬೆಲೆಯಲ್ಲ, ಆ ಮಾರಾಟಗಾರ ಈ ಕ್ಷಣಕ್ಕೆ ಹೇಳುತ್ತಿರುವ ಬೆಲೆ. ಅದರಲ್ಲಿ ಅವರ ಲಾಭ ಸೇರಿರುತ್ತದೆ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿತ್ತು. ಅಂದರೆ ಬೆಲೆಯ ಬಗ್ಗೆ ತಕರಾರು ಬಂದರೆ ಸೆಬಿಯ ಬಾಗಿಲು ತಟ್ಟಲು ಆಗುವುದಿಲ್ಲ. ಇಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ. ಒಂದೇ ನಿಮಿಷದಲ್ಲಿ ‘ಕೊಳ್ಳಿ’ ಮತ್ತು ‘ಮಾರಿ’ ಎಂಬ ಎರಡೂ ಪುಟ ತೆರೆದು ಗ್ರಾಂ ಬೆಲೆ ಬರೆದುಕೊಳ್ಳಿ. ಕೊಳ್ಳುವ ಬೆಲೆಗೆ ಶೇ 3ರ ಜಿಎಸ್‌ಟಿ ಸೇರಿಸಿ. ಅದಕ್ಕೂ ಮಾರುವ ಬೆಲೆಗೂ ಇರುವ ಅಂತರವೇ ನೀವು ಇವತ್ತು ಕೊಂಡು ಇವತ್ತೇ ಮಾರಿದರೆ ಕಳೆದುಕೊಳ್ಳುವ ಹಣ. ಚಿನ್ನದ ಬೆಲೆ ಕನಿಷ್ಠ ಅಷ್ಟು ಏರುವವರೆಗೆ ಪರದೆಯ ಮೇಲಿನ ಹಸಿರು ಬಾಣ ನಿಮಗೆ ಲಾಭ ತೋರಿಸುತ್ತಿಲ್ಲ.